ಪುಟ ಬದಲಾಯಿತು, ಹೆಸರು ಬದಲಾಗಲಿಲ್ಲ

ಜಾಲಪುಟದ ಹೆಸರು ಪುಟದೊಳಗೆ ಇರುವುದಿಲ್ಲ. ಅದು ಬ್ರೌಸರಿನ ಟ್ಯಾಬಿನ ಮೇಲೆ ಅರ್ಧ ಕತ್ತರಿಸಿಕೊಂಡು ಕೂತಿರುತ್ತದೆ. ಕಣ್ಣಿನಿಂದ ಓದುವವರು ಅತ್ತ ನೋಡುವುದೇ ಅಪರೂಪ. ಪುಟ ತೆರೆದ ಕೂಡಲೇ ತಲೆಬರಹ, ಚಿತ್ರ, ಬಣ್ಣ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುವುದರಿಂದ ತಾವು ಎಲ್ಲಿದ್ದೇವೆ ಎಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಆದರೆ ಎರಡು ಬಗೆಯ ಓದುಗರಿಗೆ ಆ ಹೆಸರೇ ಮೊದಲ ಸಾಲು. ಒಬ್ಬರು ಸ್ಕ್ರೀನ್ ರೀಡರ್ ಬಳಸುವ ಅಂಧರು. ಹೊಸ ಪುಟ ಬಂದಾಗ ಅವರ ಕಿವಿಗೆ ಮೊದಲು ಬೀಳುವುದು ಅದರ ಹೆಸರು. ಇನ್ನೊಂದು ಸರ್ಚ್ ಎಂಜಿನ್. ಫಲಿತಾಂಶದ ಪಟ್ಟಿಯಲ್ಲಿ ಅದು ತೋರಿಸುವ ನೀಲಿ ಸಾಲು ಹೆಚ್ಚಾಗಿ ಆ ಹೆಸರಿನಿಂದಲೇ ಬಂದದ್ದು.

ಸುಮಾರು ಹದಿನೈದು ವರ್ಷ ಕಾಲ ಈ ವ್ಯವಸ್ಥೆ ಯಾರೂ ಯೋಚಿಸದೆ ನಡೆಯಿತು. ಆಮೇಲೆ ಜಾಲತಾಣಗಳು ಪುಟ ಬದಲಿಸುವ ರೀತಿಯೇ ಬದಲಾಯಿತು, ಹೆಸರು ಹಿಂದೆ ಉಳಿಯಿತು. ಅದು ಹೇಗೆ ಉಳಿಯಿತು, ಅದನ್ನು ಮುಂದೆ ತರಲು ಯಾರು ಏನು ಮಾಡಿದರು ಎಂಬುದು ಈ ಬರಹದ ಕಥೆ.

ಹೆಸರು ತಾನಾಗಿ ಬರುತ್ತಿದ್ದ ಕಾಲ

ಟಿಮ್ ಬರ್ನರ್ಸ್-ಲೀ 1991ರ ಕೊನೆಗೆ ಎಚ್‌ಟಿಎಂಎಲ್‌ನ ಗುರುತುಗಳ ಮೊದಲ ಪಟ್ಟಿಯನ್ನು ಹಂಚಿಕೊಂಡಾಗಲೇ ಅದರಲ್ಲಿ `<title>` ಇತ್ತು. 1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್ 2.0ರ ನಿರ್ದಿಷ್ಟ ರೂಪ ಪ್ರಕಟವಾದಾಗ ಪ್ರತಿ ದಸ್ತಾವೇಜಿಗೂ ಒಂದು ಹೆಸರು ಕಡ್ಡಾಯವಾಯಿತು. ಅಲ್ಲಿ ಒಂದು ಜಾಣ ಸಲಹೆಯೂ ಇದೆ. ಬರೀ 'ಪೀಠಿಕೆ' ಎಂಬಂಥ ಹೆಸರು ಪುಟದಿಂದ ಹೊರಗೆ ಬಂದರೆ ಅರ್ಥ ಕಳೆದುಕೊಳ್ಳುತ್ತದೆ, ಯಾವುದರ ಪೀಠಿಕೆ ಎಂದು ಹೇಳಿ ಎನ್ನುವುದು ಅದರ ಸಾರ. ಹೆಸರು 64 ಅಕ್ಷರಗಳೊಳಗಿದ್ದರೆ ಕತ್ತರಿಸಿಹೋಗುವ ಸಂಭವ ಕಡಿಮೆ ಎಂದೂ ಹೇಳಿದೆ. ಅಂದರೆ ಈ ಹೆಸರು ಪುಟದ ಹೊರಗೆ ಓಡಾಡಲಿಕ್ಕಾಗಿಯೇ ಹುಟ್ಟಿದ್ದು. ಬುಕ್‌ಮಾರ್ಕಿನಲ್ಲಿ, ಹಿಂದೆ ನೋಡಿದ ಪುಟಗಳ ಪಟ್ಟಿಯಲ್ಲಿ, ಹುಡುಕಾಟದ ಫಲಿತಾಂಶದಲ್ಲಿ ಪುಟದ ಪರವಾಗಿ ಅದು ನಿಲ್ಲಬೇಕು.

ಆ ಕಾಲದ ಜಾಲದಲ್ಲಿ ಕೊಂಡಿ ಒತ್ತಿದರೆ ಹಳೆಯ ಪುಟ ಪೂರ್ತಿ ಹೋಗಿ ಹೊಸದೊಂದು ಸರ್ವರಿನಿಂದ ಬರುತ್ತಿತ್ತು. ಅದರ ಹೆಸರು ಅದರ ಜೊತೆಗೇ ಬರುತ್ತಿತ್ತು. ಬ್ರೌಸರು ಅದನ್ನು ಟ್ಯಾಬಿಗೆ ಏರಿಸುತ್ತಿತ್ತು, ಇತಿಹಾಸದ ಪಟ್ಟಿಗೆ ಸೇರಿಸುತ್ತಿತ್ತು, ಹೊಸ ದಸ್ತಾವೇಜು ಬಂದಿದೆ ಎಂದು ಸ್ಕ್ರೀನ್ ರೀಡರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಜಾಸ್, ಎನ್‌ವಿಡಿಎ ಮುಂತಾದ ಸ್ಕ್ರೀನ್ ರೀಡರುಗಳು ಹೆಸರು ಹೇಳಿ, ನಂತರ ಒಳಗಿನದನ್ನು ಮೇಲಿನಿಂದ ಓದಲು ಶುರುಮಾಡುತ್ತಿದ್ದವು. ತಾಣ ಕಟ್ಟಿದವರು ಇದಕ್ಕಾಗಿ ಒಂದು ಸಾಲನ್ನೂ ಹೆಚ್ಚಿಗೆ ಬರೆಯಬೇಕಿರಲಿಲ್ಲ. ಪುಟ ಬದಲಾಯಿತು ಎಂದು ಸಾರುವುದು ಪುಟ ಬದಲಾಗುವ ಕ್ರಿಯೆಯ ಒಳಗೇ ಅಡಗಿತ್ತು. ಹಾಗೆ ಅಡಗಿದ್ದ ಕೆಲಸ ಇದೆಯೆಂದು ಗೊತ್ತಾದದ್ದು ಅದು ನಿಂತಾಗ.

ಪುಟವೇ ಬದಲಾಗದ ತಾಣ

1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಮೈಕ್ರೋಸಾಫ್ಟ್ ಒಂದು ಸೌಲಭ್ಯ ತಂದಿತು. ಪುಟವನ್ನು ಹಾಗೇ ಇಟ್ಟು ಹಿನ್ನೆಲೆಯಲ್ಲಿ ಸರ್ವರಿನಿಂದ ಮಾಹಿತಿ ತರಿಸುವ ಸೌಲಭ್ಯ ಅದು. ಅದನ್ನು ಮಾಡಿಕೊಂಡದ್ದು ಔಟ್‌ಲುಕ್ ಅಂಚೆಯನ್ನು ಬ್ರೌಸರಿನಲ್ಲಿ ತೋರಿಸಲು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಇದರ ಬಲವನ್ನು ಎಲ್ಲರಿಗೂ ತೋರಿಸಿದವು. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ತಾಣ ಒಮ್ಮೆ ಮಾತ್ರ ಬರುತ್ತದೆ, ಆಮೇಲೆ ನಾವು ಒತ್ತಿದಂತೆ ಒಳಗಿನ ಭಾಗಗಳು ಮಾತ್ರ ಬದಲಾಗುತ್ತವೆ. ಇದೇ ಮುಂದೆ ಸಿಂಗಲ್ ಪೇಜ್ ಆಪ್ ಎಂದು ಕರೆಸಿಕೊಂಡಿತು. ಕಣ್ಣಿಗೆ ಪುಟ ಬದಲಾದಂತೆ ಕಾಣುವ ಪ್ರತಿ ಹಂತವನ್ನು ಇಲ್ಲಿ 'ನೋಟ' ಎಂದು ಕರೆಯೋಣ.

ಕಣ್ಣಿಗೆ ಇದು ವೇಗ, ಕಿವಿಗೆ ಮೌನ. ಕೊಂಡಿ ಒತ್ತಿದರೆ ಹೊಸ ದಸ್ತಾವೇಜು ಬರುವುದೇ ಇಲ್ಲ. ಆದ್ದರಿಂದ ಬ್ರೌಸರು ಯಾವ ಸುದ್ದಿಯನ್ನೂ ಕಳಿಸುವುದಿಲ್ಲ, ಸ್ಕ್ರೀನ್ ರೀಡರ್ ಏನನ್ನೂ ಹೇಳುವುದಿಲ್ಲ. ಒತ್ತಿದ್ದು ಹತ್ತಿತೋ ಇಲ್ಲವೋ ತಿಳಿಯದೆ ಬಳಕೆದಾರರು ಮತ್ತೊಮ್ಮೆ ಒತ್ತುತ್ತಾರೆ.

ಇನ್ನು ವಿಳಾಸದ ಪಾಡು. ಪುಟ ಬದಲಾಗದಿದ್ದರೆ ವಿಳಾಸವೂ ಬದಲಾಗದು, ಹಿಂದಿನ ಗುಂಡಿ ಕೆಲಸ ಮಾಡದು. ಇದಕ್ಕೆ ಕಂಡುಕೊಂಡ ಉಪಾಯ ವಿಳಾಸದ ಕೊನೆಗೆ `#` ಹಾಕಿ ನೋಟದ ಗುರುತನ್ನು ಅಲ್ಲಿ ತುರುಕುವುದು. ಆದರೆ `#` ನಂತರದ ಭಾಗ ಸರ್ವರಿಗೆ ಹೋಗುವುದೇ ಇಲ್ಲ, ಸರ್ಚ್ ಎಂಜಿನ್ನುಗಳೂ ಅದನ್ನು ಬೇರೆ ಪುಟವೆಂದು ಎಣಿಸುವುದಿಲ್ಲ. ಅವುಗಳ ಲೆಕ್ಕದಲ್ಲಿ ಸಾವಿರ ನೋಟಗಳ ತಾಣಕ್ಕೆ ಒಂದೇ ಪುಟ, ಒಂದೇ ಹೆಸರು. 2009ರಲ್ಲಿ ಗೂಗಲ್ ಒಂದು ರಾಜಿಸೂತ್ರ ಮುಂದಿಟ್ಟಿತು. `#!` ಎಂದು ಬರೆದರೆ ತನ್ನ ಯಂತ್ರ ಅದನ್ನು `?_escaped_fragment_=` ಎಂದು ಬದಲಿಸಿ ಕೇಳುತ್ತದೆ, ತಾಣವು ಆ ನೋಟದ ಸಿದ್ಧ ಪ್ರತಿಯನ್ನು ಕೊಡಬೇಕು ಎಂಬುದು ಅದರ ಒಪ್ಪಂದ. 2010ರಲ್ಲಿ ಟ್ವಿಟರ್ ಈ ದಾರಿ ಹಿಡಿಯಿತು. 2011ರ ಫೆಬ್ರುವರಿಯಲ್ಲಿ ಗಾಕರ್ ಸಂಸ್ಥೆಯ ತಾಣಗಳು ಇದೇ ದಾರಿಗೆ ಬಂದ ಹೊಸತರಲ್ಲೇ ಜಾವಾಸ್ಕ್ರಿಪ್ಟ್ ಬರದೆ ಪೂರ್ತಿ ಖಾಲಿಯಾಗಿ ನಿಂತವು. 2012ರಲ್ಲಿ ಟ್ವಿಟರ್ ಆ ದಾರಿ ಬಿಟ್ಟಿತು, 2015ರಲ್ಲಿ ಗೂಗಲ್ ತನ್ನ ಸೂತ್ರವನ್ನೇ ಕೈಬಿಟ್ಟಿತು.

ಖಾಲಿ ಉಳಿದ ಜಾಗ

ಸರಿಯಾದ ಪರಿಹಾರ ಎಚ್‌ಟಿಎಂಎಲ್5ರ ಕರಡಿನಲ್ಲಿ ತಯಾರಾಗುತ್ತಿತ್ತು. ಅದರ ಹೆಸರು `pushState`. ಪುಟವನ್ನು ಮತ್ತೆ ತರಿಸದೆ ವಿಳಾಸಪಟ್ಟಿಯಲ್ಲಿ ನಿಜವಾದ, `#` ಇಲ್ಲದ ವಿಳಾಸವನ್ನು ಕೂರಿಸಿ ಇತಿಹಾಸಕ್ಕೆ ಒಂದು ನಮೂದು ಸೇರಿಸುವುದು ಅದರ ಕೆಲಸ. 2010 ಮತ್ತು 2011ರಲ್ಲಿ ಕ್ರೋಮ್, ಸಫಾರಿ, ಫೈರ್‌ಫಾಕ್ಸ್‌ಗಳಿಗೆ ಇದು ಬಂತು. ಅದನ್ನು ಕರೆಯುವಾಗ ಮೂರು ಮಾತು ಕೊಡಬೇಕು:

```js
history.pushState(data, title, url);
```

ನಡುವಿನ ಮಾತನ್ನು ನೋಡಿ. ನೋಟ ಬದಲಾದಾಗ ಹೆಸರೂ ಬದಲಾಗಬೇಕು ಎಂಬುದು ಇದನ್ನು ರೂಪಿಸಿದವರಿಗೆ ಹೊಳೆದಿತ್ತು. ಅದಕ್ಕೆಂದೇ ಜಾಗ ಬಿಟ್ಟಿದ್ದರು. ಆದರೆ ಆ ಹೆಸರು ಬರೀ ಸೂಚನೆ, ಬಳಸುವುದು ಬ್ರೌಸರಿನ ಇಷ್ಟ ಎಂದು ಬರೆದಿದ್ದರು. ಬಹುತೇಕ ಬ್ರೌಸರುಗಳು ಬಳಸಲಿಲ್ಲ. ಪುಟದ ಹೆಸರು ಓದಲು, ಬದಲಿಸಲು `document.title` ಎಂಬ ಬೇರೆ ದಾರಿ ಮೊದಲೇ ಇತ್ತು. ಒಂದೇ ಹೆಸರಿಗೆ ಇಬ್ಬರು ಯಜಮಾನರಾದಾಗ ಹಳಬನ ಮಾತೇ ನಡೆಯಿತು. `pushState`ಗೆ ಎಷ್ಟು ಚೆಂದದ ಹೆಸರು ಕೊಟ್ಟರೂ ಟ್ಯಾಬಿನಲ್ಲಿ ಹಳೆಯದೇ ಕೂತಿರುತ್ತಿತ್ತು. ಈಚಿನ ವರ್ಷಗಳಲ್ಲಿ ನಿರ್ದಿಷ್ಟ ರೂಪವನ್ನು ತಿದ್ದುವಾಗ ಆ ಎರಡನೆಯ ಮಾತಿನ ಹೆಸರನ್ನೇ `unused`, ಅಂದರೆ 'ಬಳಕೆಯಲ್ಲಿಲ್ಲದ್ದು', ಎಂದು ಬದಲಿಸಿದರು. ತೆಗೆದುಹಾಕಿದರೆ ಹಳೆಯ ತಾಣಗಳು ಮುರಿಯುತ್ತವೆ. ಆದ್ದರಿಂದ ಇಂದಿಗೂ ಎಲ್ಲರೂ ಅಲ್ಲಿ ಖಾಲಿ ಉದ್ಧರಣ ಚಿಹ್ನೆ ಬರೆಯುತ್ತಾರೆ.

ಅದೇ ಹೊತ್ತಿಗೆ ನಿಯಮದ ಕಡೆಯಿಂದಲೂ ಒತ್ತಡ ಬರಲಿಲ್ಲ. 2008ರ ಡಿಸೆಂಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.0 ಎಂಬ ಸುಗಮ್ಯತೆಯ ಮಾನದಂಡದ 2.4.2ನೇ ಅಂಶ, ಜಾಲಪುಟಗಳಿಗೆ ವಿಷಯವನ್ನೋ ಉದ್ದೇಶವನ್ನೋ ಹೇಳುವ ಹೆಸರಿರಬೇಕು ಎನ್ನುತ್ತದೆ. ಇದು ಎ ದರ್ಜೆ, ಎಂದರೆ ತೀರ ಕನಿಷ್ಠ ಅಗತ್ಯ. ಆದರೆ 'ಜಾಲಪುಟ' ಎಂದರೇನು? ಅದೇ ದಸ್ತಾವೇಜು ವ್ಯಾಖ್ಯೆಯ ಕೆಳಗೆ ಒಂದು ಉದಾಹರಣೆ ಕೊಡುತ್ತದೆ. ಅಜಾಕ್ಸಿನಲ್ಲಿ ಕಟ್ಟಿದ ಅಂಚೆ ತಾಣವೊಂದರಲ್ಲಿ ಒಳಪೆಟ್ಟಿಗೆ, ವಿಳಾಸಪುಸ್ತಕ, ಕ್ಯಾಲೆಂಡರ್ ಇವೆ, ಗುಂಡಿ ಒತ್ತಿದರೆ ಅವು ಕಾಣುತ್ತವೆ, ಆದರೆ ತಾಣದ ವಿಳಾಸ ಬದಲಾಗುವುದಿಲ್ಲ. ಅದೆಲ್ಲ ಸೇರಿ ಒಂದೇ ಜಾಲಪುಟ. ಒಂದು ಆಪ್‌ಗೆ ಅದರ ಹೆಸರೇ ಸಾಕು ಎಂದು ವಿವರಣೆಯೂ ಒಪ್ಪುತ್ತದೆ. ಹೀಗಾಗಿ ನಲವತ್ತು ನೋಟಗಳಿಗೂ ಒಂದೇ ಹೆಸರಿಟ್ಟ ತಾಣ ತಪಾಸಣೆಯಲ್ಲಿ ಪಾಸಾಗಬಹುದು, ಅದನ್ನು ಕೇಳಿ ಬಳಸುವವರು ದಾರಿ ತಪ್ಪಿಯೇ ಇರಬಹುದು.

ಒಂದು ಗ್ರಂಥಾಲಯದ ಉದಾಹರಣೆ

ಊರಿನ ಗ್ರಂಥಾಲಯವೊಂದರ ತಾಣ ಇದೆ ಎಂದುಕೊಳ್ಳೋಣ. ಹುಡುಕಾಟದ ನೋಟದಲ್ಲಿ ಹತ್ತು ಪುಸ್ತಕಗಳ ಪಟ್ಟಿ. ಎನ್‌ವಿಡಿಎ ಬಳಸುವ ಓದುಗರೊಬ್ಬರು 'ತೆಂಗಿನ ಕೃಷಿ' ಎಂಬ ಕೊಂಡಿಗೆ ಬಂದು ಎಂಟರ್ ಒತ್ತುತ್ತಾರೆ. ವಿಳಾಸ ಬದಲಾಗುತ್ತದೆ, ಪಟ್ಟಿ ಅಳಿದು ಪುಸ್ತಕದ ವಿವರ ಬರುತ್ತದೆ. ಎನ್‌ವಿಡಿಎ ಸುಮ್ಮನಿರುತ್ತದೆ. ಅವರು ನಿಂತಿದ್ದ ಕೊಂಡಿಯೇ ಅಳಿದುಹೋದ್ದರಿಂದ ಕೀಬೋರ್ಡಿನ ಫೋಕಸ್ ಆಧಾರವಿಲ್ಲದೆ ಪುಟದ ಬುಡಕ್ಕೆ, ಅಂದರೆ `body`ಗೆ, ಜಾರುತ್ತದೆ. ಎಲ್ಲಿದ್ದೇನೆ ಎಂದು ತಿಳಿಯಲು ಅವರು ಎನ್‌ವಿಡಿಎ ಕೀಲಿಯ ಜೊತೆ ಟಿ ಒತ್ತಿದರೆ 'ಹುಡುಕಾಟ, ಊರ ಗ್ರಂಥಾಲಯ' ಎಂಬ ಉತ್ತರ ಬರುತ್ತದೆ. ಈಗ ಮೌನ ಸುಳ್ಳಾಗಿ ಬದಲಾಯಿತು. ತಾವು ಇನ್ನೂ ಹುಡುಕಾಟದಲ್ಲೇ ಇದ್ದೇವೆ ಎಂದು ಅವರು ನಂಬಲು ಎಲ್ಲ ಕಾರಣವೂ ಇದೆ.

ಮೊದಲು ಹೆಸರು ಸರಿಯಾಗಬೇಕು. ಆದರೆ ಅಷ್ಟೇ ಸಾಲದು. `document.title` ಬದಲಾದರೆ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ತಾನಾಗಿ ಸಾರುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತದೆ. ಅದಕ್ಕೆ ಕಾರಣವೂ ಊಹಿಸಬಹುದಾದ್ದೇ. ಅಂಚೆ ತಾಣಗಳು ಹೊಸ ಪತ್ರಗಳ ಎಣಿಕೆಯನ್ನು ಹೆಸರಿನಲ್ಲೇ ತೋರಿಸುತ್ತವೆ. ಆ ಅಂಕೆ ಬದಲಾದಾಗಲೆಲ್ಲ ಮಾತಾಡಿದರೆ ಯಾರಿಗೂ ಸಹಿಸಲಾಗದು. ಆದ್ದರಿಂದ ಹೆಸರಿನ ಜೊತೆಗೆ ಫೋಕಸನ್ನೂ ಹೊಸ ನೋಟಕ್ಕೆ ಕರೆತರಬೇಕು. ವಿವರ ಪರದೆಗೆ ಬಂದ ಮೇಲೆ ಹೀಗೆ:

```js
history.pushState({}, "", "/pustaka/42");
nameView("ತೆಂಗಿನ ಕೃಷಿ");

function nameView(name) {
  document.title = name + " – ಊರ ಗ್ರಂಥಾಲಯ";
  const h = document.querySelector("main h1");
  h.tabIndex = -1;
  h.focus();
}
```

ಇಲ್ಲಿ ತಲೆಬರಹಕ್ಕೆ ಫೋಕಸ್ ಹೋಗುತ್ತದೆ, ಸ್ಕ್ರೀನ್ ರೀಡರ್ 'ತೆಂಗಿನ ಕೃಷಿ, ತಲೆಬರಹ' ಎನ್ನುತ್ತದೆ, ಮುಂದೆ ಅಲ್ಲಿಂದಲೇ ಓದಬಹುದು. `-1` ಇರುವುದರಿಂದ ಟ್ಯಾಬ್ ಕೀಲಿಯ ಸರದಿಯಲ್ಲಿ ತಲೆಬರಹ ಸೇರಿಕೊಳ್ಳುವುದಿಲ್ಲ. ಹೆಸರಿನಲ್ಲಿ ಪುಸ್ತಕ ಮೊದಲು, ಗ್ರಂಥಾಲಯ ಆಮೇಲೆ. ಟ್ಯಾಬುಗಳನ್ನು ಒಂದೊಂದಾಗಿ ದಾಟುತ್ತಾ ಕೇಳುವವರಿಗೆ ಪ್ರತಿಸಲವೂ ತಾಣದ ಹೆಸರನ್ನು ಮೊದಲು ಕೇಳುವ ಶಿಕ್ಷೆ ಬೇಡ.

ಮೇಲಿನ ಎರಡು ಸಾಲುಗಳ ಕ್ರಮವೂ ಮುಖ್ಯ. ಹೆಸರನ್ನು ಮೊದಲು ಬದಲಿಸಿ ಆಮೇಲೆ `pushState` ಕರೆದರೆ ಹೊಸ ಹೆಸರು ಹಳೆಯ ನಮೂದಿಗೆ ಅಂಟಿಕೊಳ್ಳಬಹುದು. ಹಿಂದಿನ ಗುಂಡಿಯನ್ನು ಒತ್ತಿ ಹಿಡಿದರೆ ಬರುವ ಪಟ್ಟಿಯಲ್ಲಿ ಇದು ಕಾಣುತ್ತದೆ. ಹುಡುಕಾಟ ಇರಬೇಕಾದ ಕಡೆ 'ತೆಂಗಿನ ಕೃಷಿ' ಇರುತ್ತದೆ. ಇನ್ನು ಹಿಂದಿನ ಗುಂಡಿ ಒತ್ತಿದಾಗ ಬ್ರೌಸರು ಹಳೆಯ ವಿಳಾಸವನ್ನು ಮರಳಿ ತರುತ್ತದೆಯೇ ಹೊರತು `document.title` ಅನ್ನು ಹಿಂದಿರುಗಿಸುವುದಿಲ್ಲ. ಆಗ ಬರುವ `popstate` ಸುದ್ದಿಗೆ ಕಿವಿಗೊಟ್ಟು, ಹಳೆಯ ನೋಟವನ್ನು ಕಟ್ಟಿದ ಮೇಲೆ ಮತ್ತೆ `nameView` ಕರೆಯಬೇಕು. ಮುಂದೆ ಹೋಗುವಾಗ ಸರಿ, ಹಿಂದೆ ಬರುವಾಗ ತಪ್ಪು ಎನ್ನುವ ತಾಣಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ಇದೇ ಕರೆ.

ಮೂರನೆಯ ತೊಡಕು ಸಮಯದ್ದು. ಓದುಗರು 42ನೇ ಪುಸ್ತಕ ಒತ್ತಿ, ತಡವಾಯಿತೆಂದು 43ನ್ನು ಒತ್ತುತ್ತಾರೆ. 43ರ ವಿವರ ಮೊದಲು ಬರುತ್ತದೆ. ಆಮೇಲೆ ನಿಧಾನವಾಗಿ 42ರದ್ದು ಬಂದು ಹೆಸರನ್ನು ಮೇಲಿಂದ ಬರೆದುಬಿಡುತ್ತದೆ. ಪರದೆಯ ಮೇಲೆ ಒಂದು ಪುಸ್ತಕ, ಟ್ಯಾಬಿನಲ್ಲಿ ಇನ್ನೊಂದು. ಬಂದ ಉತ್ತರ ಈಗಿನ ವಿಳಾಸದ್ದೇ ಎಂದು ನೋಡಿದ ಮೇಲೆಯೇ ಹೆಸರಿಡಬೇಕು. ಕೈಯಲ್ಲಿ ವೇಗದ ಇಂಟರ್‌ನೆಟ್ ಇರುವವರಿಗೆ ಈ ತಪ್ಪು ಸಿಗುವುದಿಲ್ಲ. ಬ್ರೌಸರಿನ ಪರೀಕ್ಷಾ ಸಾಧನದಲ್ಲಿ ವೇಗವನ್ನು ಬೇಕೆಂದೇ ತಗ್ಗಿಸಿ ನೋಡಿದರೆ ಸಿಗುತ್ತದೆ.

ಸರ್ಚ್ ಎಂಜಿನ್ ಬೇರೆ ಬಗೆಯ ಓದುಗ

ಇಷ್ಟು ಮಾಡಿದರೆ ಹುಡುಕಾಟದ ಸಮಸ್ಯೆಯೂ ತೀರಿತು ಎಂದು ತೋರುತ್ತದೆ. ಪೂರ್ತಿ ತೀರುವುದಿಲ್ಲ. ಗೂಗಲಿನ ಯಂತ್ರ ನಮ್ಮ ಹಾಗೆ ಕೊಂಡಿ ಒತ್ತುತ್ತಾ ನೋಟದಿಂದ ನೋಟಕ್ಕೆ ನಡೆಯುವುದಿಲ್ಲ. ಕೊಂಡಿಗಳ ವಿಳಾಸಗಳನ್ನು ಬರೆದುಕೊಂಡು ಒಂದೊಂದನ್ನೂ ಹೊಸದಾಗಿ, ಹಿಂದಿನ ನೆನಪಿಲ್ಲದೆ ತೆರೆಯುತ್ತದೆ. ಸ್ಕ್ರೀನ್ ರೀಡರಿನವರಿಗೆ ಮುಖ್ಯವಾದದ್ದು ಬದಲಾವಣೆಯ ಕ್ಷಣ, ಯಂತ್ರಕ್ಕೆ ಮುಖ್ಯವಾದದ್ದು ಮೊದಲ ಕ್ಷಣ. ಆದ್ದರಿಂದ `/pustaka/42` ಅನ್ನು ನೇರವಾಗಿ ತೆರೆದಾಗಲೂ ಪುಸ್ತಕವೇ ಬರಬೇಕು, ಅದೇ ಹೆಸರಿರಬೇಕು. ಕೊಂಡಿಯೂ `href` ಇರುವ ನಿಜವಾದ ಕೊಂಡಿಯಾಗಿರಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಆ ವಿಳಾಸ ಸಿಗುವುದೇ ಇಲ್ಲ.

ತನ್ನ ಯಂತ್ರ ಜಾವಾಸ್ಕ್ರಿಪ್ಟನ್ನೂ ಓಡಿಸಿ ನೋಡುತ್ತದೆ ಎಂದು ಗೂಗಲ್ 2014ರಲ್ಲಿ ತಿಳಿಸಿತು. 2019ರಿಂದ ಹೊಸ ಕ್ರೋಮಿನ ಜೊತೆಜೊತೆಗೇ ಅದು ನವೀಕರಣವಾಗುತ್ತಿದೆ. ಹಾಗಾಗಿ ಜಾವಾಸ್ಕ್ರಿಪ್ಟ್ ಇಟ್ಟ ಹೆಸರೂ ಅದಕ್ಕೆ ಸಿಗುತ್ತದೆ. ಆದರೆ ಎಲ್ಲ ಯಂತ್ರಗಳೂ ಗೂಗಲ್ ಅಲ್ಲ. ಕೊಂಡಿ ಹಂಚಿದಾಗ ಅದರ ಕೆಳಗೆ ಪುಟದ ಹೆಸರು ತೋರಿಸುವ ಸೇವೆಗಳಲ್ಲಿ ಹಲವು ಸರ್ವರು ಕೊಟ್ಟ ಮೊದಲ ಪ್ರತಿಯನ್ನಷ್ಟೇ ಓದುತ್ತವೆ. ಅಲ್ಲಿ ಎಲ್ಲ ವಿಳಾಸಕ್ಕೂ 'ಊರ ಗ್ರಂಥಾಲಯ' ಎಂದೇ ಇದ್ದರೆ ಹಂಚಿದ ಪ್ರತಿ ಪುಸ್ತಕವೂ ಅದೇ ಹೆಸರಿನಲ್ಲಿ ಹೋಗುತ್ತದೆ. ಪರೀಕ್ಷೆ ಸುಲಭ. ಬ್ರೌಸರಿನಲ್ಲಿ ಪುಟದ ಮೂಲ ತೆರೆದು `<title>` ನೋಡಿ. ಅಲ್ಲಿ ಕಾಣುವುದೇ ಮೊದಲ ಪ್ರತಿಯ ಹೆಸರು. ಸರ್ವರಿನಲ್ಲೇ ಪ್ರತಿ ವಿಳಾಸಕ್ಕೆ ಸರಿಯಾದ ಹೆಸರು ತುಂಬಿ ಕಳಿಸುವುದು ಇದಕ್ಕಿರುವ ದೃಢವಾದ ದಾರಿ. 2012ರಲ್ಲಿ ಟ್ವಿಟರ್ ಮರಳಿದ್ದೂ ಪುಟವನ್ನು ಮೊದಲು ಸರ್ವರಿನಲ್ಲೇ ಕಟ್ಟುವ ಈ ದಾರಿಗೇ.

ಕನ್ನಡದಲ್ಲಿ ಹೆಸರಿಡುವಾಗ

ಅನುವಾದ ಮಾಡುವವಳಾಗಿ ನನಗೆ ಕಾಣುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಆಪ್‌ಗಳ ಅನುವಾದಕ್ಕೆ ಬರುವ ಕಡತಗಳಲ್ಲಿ ಪರದೆಯ ಮೇಲೆ ಕಾಣುವ ಮಾತುಗಳೆಲ್ಲ ಇರುತ್ತವೆ, ನೋಟಗಳ ಹೆಸರು ಎಷ್ಟೋ ಸಲ ಇರುವುದಿಲ್ಲ. ಅದು ಕೋಡಿನೊಳಗೆ ಹುದುಗಿರುತ್ತದೆ. ಪರಿಣಾಮವಾಗಿ ಪುಟ ಪೂರ್ತಿ ಕನ್ನಡ, ಅದರ ಹೆಸರು ಮಾತ್ರ ಇಂಗ್ಲಿಷ್. ಕಣ್ಣಿಗೆ ಬೀಳದ ಈ ಬೆರಕೆ ಕಿವಿಗೆ ಮೊದಲ ಮಾತಾಗಿ ಬೀಳುತ್ತದೆ.

ಹೆಸರು ಅನುವಾದಕ್ಕೆ ಬಂದರೂ ಅಚ್ಚಿನ ರೂಪದಲ್ಲಿ ಬರುತ್ತದೆ. ವಿಷಯದ ಹೆಸರಿಗೆ ಒಂದು ಖಾಲಿ ಜಾಗ, ಮುಂದೆ 'ಪುಸ್ತಕಗಳು'. ಇಂಗ್ಲಿಷಿನಲ್ಲಿ ಯಾವ ಪದ ತುಂಬಿದರೂ ನಡೆಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪದಕ್ಕೆ ಅಂಟುತ್ತದೆ, ಪದದ ಕೊನೆಯನ್ನು ನೋಡಿ ರೂಪ ಬದಲಿಸುತ್ತದೆ. 'ಇತಿಹಾಸದ ಪುಸ್ತಕಗಳು', 'ಗಣಿತದ ಪುಸ್ತಕಗಳು' ನೋಡಿ ಅಚ್ಚಿಗೆ 'ದ' ಸೇರಿಸಿದರೆ ನಾಳೆ 'ಕೃಷಿದ ಪುಸ್ತಕಗಳು' ಬರುತ್ತದೆ. ನಡುವೆ ಗೆರೆ ಹಾಕಿ 'ಕೃಷಿ – ಪುಸ್ತಕಗಳು' ಎಂದರೆ ವಿಭಕ್ತಿಯ ಹಂಗೇ ಇಲ್ಲ, ಮುಖ್ಯ ಪದ ಮೊದಲೇ ಕೇಳಿಸುತ್ತದೆ.

ಕೆಲಸ ಯಾರದು?

ಮುಂದಿನ ವರ್ಷಗಳ ಇತಿಹಾಸವೆಲ್ಲ ಕಳೆದುಹೋದ ಆ ಕೆಲಸವನ್ನು ಯಾರಾದರೂ ವಹಿಸಿಕೊಳ್ಳುವ ಪ್ರಯತ್ನ. 2019ರಲ್ಲಿ ಮಾರ್ಸಿ ಸಟನ್ ಅವರು ಫೇಬಲ್ ಸಂಸ್ಥೆಯ ಜೊತೆ ಸೇರಿ ಅಂಗವೈಕಲ್ಯ ಇರುವ ಬಳಕೆದಾರರಿಂದಲೇ ಬೇರೆಬೇರೆ ವಿಧಾನಗಳನ್ನು ಪರೀಕ್ಷೆ ಮಾಡಿಸಿದರು. ಒಂದೇ ವಿಧಾನ ಎಲ್ಲರಿಗೂ ಹೊಂದಲಿಲ್ಲ. ಪ್ರತಿ ನೋಟದ ಆರಂಭದಲ್ಲಿ ಒಂದು ಚಿಕ್ಕ ಕೊಂಡಿ ಇಟ್ಟು ಫೋಕಸನ್ನು ಅಲ್ಲಿಗೆ ಕಳಿಸಿ ಎಂಬುದು ಅವರ ಸಲಹೆಯಾಗಿತ್ತು. ನೆಕ್ಸ್ಟ್.ಜೆಎಸ್ ಎಂಬ ಚೌಕಟ್ಟು ನೋಟ ಬದಲಾದಾಗ ಸಾರಿ ಹೇಳುವ ಕೆಲಸವನ್ನು ತಾನೇ ಮಾಡತೊಡಗಿತು. ಅದು ಮೊದಲು `document.title` ನೋಡುತ್ತದೆ, ಇಲ್ಲದಿದ್ದರೆ `h1`, ಅದೂ ಇಲ್ಲದಿದ್ದರೆ ವಿಳಾಸವನ್ನೇ ಓದುತ್ತದೆ. 2022ರ ಆಂಗ್ಯುಲರ್ 14ರಲ್ಲಿ ಪ್ರತಿ ದಾರಿಯ ಜೊತೆ ಅದರ ಹೆಸರನ್ನೂ ಬರೆದಿಡಲು ಅವಕಾಶ ಬಂತು. 2024ರ ಕೊನೆಗೆ ಬಂದ ರಿಯಾಕ್ಟ್ 19ರಲ್ಲಿ ಯಾವ ತುಣುಕಿನೊಳಗೆ `<title>` ಬರೆದರೂ ಅದು ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ.

ಇವು ಜಾಗ ಕೊಡುತ್ತವೆ, ಹೆಸರು ಕೊಡುವುದಿಲ್ಲ. ಜಾಗ ಖಾಲಿ ಬಿಟ್ಟರೆ ಸಾರುವ ಸೌಲಭ್ಯ ವಿಳಾಸವನ್ನು ಓದುತ್ತದೆ, ಓದುಗರ ಕಿವಿಗೆ 'ಪುಸ್ತಕ ನಲವತ್ತೆರಡು' ಬೀಳುತ್ತದೆ. ಎಲ್ಲ ನೋಟಕ್ಕೂ ಒಂದೇ ಹೆಸರು ತುಂಬಿದ್ದರೆ ಅದನ್ನೇ ನಿಷ್ಠೆಯಿಂದ ಮತ್ತೆಮತ್ತೆ ಹೇಳುತ್ತದೆ. ನಿಮ್ಮ ಕೈಯಲ್ಲಿ ಯಾವುದಾದರೂ ಆಪ್ ಇದ್ದರೆ ಮೂರು ನೋಟ ಮುಂದೆ ಹೋಗಿ, ಒಂದು ಹಿಂದೆ ಬನ್ನಿ, ಪ್ರತಿ ಹೆಜ್ಜೆಗೂ ಪುಟವನ್ನು ನೋಡದೆ ಟ್ಯಾಬಿನ ಹೆಸರನ್ನಷ್ಟೇ ಓದಿ. ಆ ನಾಲ್ಕು ಸಾಲಿನಿಂದ ನೀವು ಎಲ್ಲಿದ್ದೀರಿ ಎಂದು ಹೇಳಲಾದರೆ ಆ ಆಪ್‌ನಲ್ಲಿ `pushState`ನ ಖಾಲಿ ಉಳಿದ ಎರಡನೆಯ ಮಾತಿನ ಕೆಲಸವನ್ನು ಯಾರೋ ಮಾಡಿದ್ದಾರೆ ಎಂದರ್ಥ.